ಪಿಜಿ ಟೆರೇಸಿನ ಮಾತಿನ ಕೂಟ: ಸಲಹೆ ಕೊಡೋ ಮುಂಚೆ ಕೇಳಬೇಕಾದ ಒಂದು ಪ್ರಶ್ನೆ

ಬೆಂಗಳೂರಲ್ಲಿ ನಾನಿದ್ದ ಪಿಜಿಯ ಟೆರೇಸಲ್ಲಿ ಭಾನುವಾರ ಸಂಜೆ ಏಳು ಜನ ಸೇರಿ ಕೂತ್ಕೊಳ್ಳೋಕೆ ಶುರು ಮಾಡಿದ್ವಿ. ಕೆಲವರು ಓದ್ತಿದ್ರು, ಕೆಲವರು ಹೊಸದಾಗಿ ಕೆಲಸಕ್ಕೆ ಸೇರಿದ್ರು. ಕೌನ್ಸೆಲರ್ ಯಾರೂ ಇರಲಿಲ್ಲ. ಮನಸ್ಸಲ್ಲಿ ಇರೋದನ್ನ ಹೇಳ್ಕೊಳ್ಳೋದು, ಅಷ್ಟೇ ಉದ್ದೇಶ.

ಮೊದಲ ವಾರವೇ ಕೆಟ್ಟೋಯ್ತು. ಒಬ್ಬ ಹುಡುಗ, 'ಟೀಮ್ ಲೀಡ್ ರಾತ್ರಿ 11ಕ್ಕೆ ಮೆಸೇಜ್ ಹಾಕ್ತಾರೆ, ವಾರದಲ್ಲಿ ಎರಡು ರಾತ್ರಿ ನಿದ್ದೆನೇ ಬರಲ್ಲ' ಅಂದ. ತಕ್ಷಣ ಒಬ್ಬರು ಕೆಲಸ ಬಿಡು ಅಂದ್ರು, ಇನ್ನೊಬ್ಬರು ಯೋಗ ಮಾಡು ಅಂದ್ರು, ನಾನು ಫೋನ್ ಆಫ್ ಮಾಡು ಅಂದೆ. ಅವನು 'ಸರಿ ಸರಿ' ಅಂದು ಸುಮ್ಮನಾದ. ಮುಂದಿನ ವಾರ ಬರಲೇ ಇಲ್ಲ.

ಆಮೇಲೆ ಕ್ರಮ ಬದಲಾಯಿಸಿದ್ವಿ. ಒಬ್ಬೊಬ್ಬರಿಗೆ ಐದು ನಿಮಿಷ, ಮೊಬೈಲಲ್ಲಿ ಟೈಮರ್. ಆ ಹೊತ್ತು ಬೇರೆಯವರು ಬಾಯಿ ತೆರೆಯೋ ಹಾಗಿಲ್ಲ. ಮುಗಿದ ಮೇಲೆ ಒಂದೇ ಪ್ರಶ್ನೆ: 'ಸಲಹೆ ಬೇಕಾ, ಕೇಳಿಸ್ಕೊಂಡ್ರೆ ಸಾಕಾ?' ಸಾಕು ಅಂದ್ರೆ, ಒಬ್ಬರು ತಮಗೆ ಅರ್ಥವಾಗಿದ್ದನ್ನ ಎರಡು ವಾಕ್ಯದಲ್ಲಿ ತಿರುಗಿ ಹೇಳಬೇಕು.

ಮೂರನೇ ವಾರ ಅವನನ್ನ ಕರೆದ್ವಿ, ಬಂದ. ಅದೇ ಮಾತು ಹೇಳಿದ. ಪಕ್ಕದ ರೂಮಿನವಳು, 'ಮೆಸೇಜ್ ಬಂದ್ರೆ ನಿಂಗೆ ನಿದ್ದೆ ಹೋಗುತ್ತೆ ಅಂತ ಅರ್ಥ ಆಯ್ತು, ಸರೀನಾ?' ಅಂದಳು. ಅವನು ಸ್ವಲ್ಪ ಹೊತ್ತು ಯೋಚಿಸಿ, 'ಇಲ್ಲ ಕಣೇ, ಬರದೇ ಇದ್ದ ದಿನಾನೂ ಕಾಯ್ತಾ ಇರ್ತೀನಿ' ಅಂದ. ನಾವು ಯಾರೂ ಊಹಿಸಿರದ ವಿಷಯ ಇದು. ಫೋನ್ ಆಫ್ ಮಾಡಿದ್ರೂ ಕಾಯೋದು ನಿಲ್ತಿರಲಿಲ್ಲ. ಮರುದಿನ ಅವನೇ ಹೋಗಿ ಲೀಡ್‌ನ ಕೇಳಿದ. 'ಮರೆತುಹೋಗಬಾರದು ಅಂತ ಹಾಕ್ತೀನಪ್ಪ, ಬೆಳಿಗ್ಗೆ ಉತ್ತರ ಕೊಟ್ರೆ ಸಾಕು' ಅಂದ್ರಂತೆ. ಈಗಲೂ ಒಮ್ಮೊಮ್ಮೆ ಫೋನ್ ನೋಡ್ತಾನೆ, ಆದ್ರೆ ಮಲಗ್ತಾನೆ.

ಹಾಗಂತ ಇದು ಚಿಕಿತ್ಸೆ ಅಲ್ಲ. ಯಾರಿಗೂ 'ನಿಂಗೆ ಡಿಪ್ರೆಶನ್' ಅಂತ ಹೆಸರಿಡಬಾರದು, ಮಾತ್ರೆಯ ವಿಷಯ ಎತ್ತಲೇಬಾರದು. ನಿದ್ದೆ, ಊಟ, ಕೆಲಸ ಎರಡು ವಾರಕ್ಕಿಂತ ಹೆಚ್ಚು ಹಳಿ ತಪ್ಪಿದ್ರೆ ಡಾಕ್ಟರ್ ಹತ್ರ ಹೋಗೋಕೆ ಜೊತೆಗೆ ಒಬ್ಬರು ಹೋಗ್ತೀವಿ.

ಟೆರೇಸಿನ ಮಾತು ಟೆರೇಸಲ್ಲೇ ಉಳೀಬೇಕು ಅನ್ನೋ ನಿಯಮಕ್ಕೂ ಒಂದು ವಿನಾಯಿತಿ ಇದೆ. ಯಾರಾದ್ರೂ ಬದುಕೋದೇ ಬೇಡ ಅನ್ನೋ ಹಾಗೆ ಮಾತಾಡಿದ್ರೆ ಅದನ್ನ ಗುಟ್ಟಾಗಿ ಇಡಲ್ಲ. 'ಸಾಯೋ ಯೋಚನೆ ಬರ್ತಿದ್ಯಾ?' ಅಂತ ನೇರವಾಗೇ ಕೇಳ್ತೀವಿ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ನಂಬಿಕೆ. ಹೌದು ಅಂದ್ರೆ ಒಂಟಿಯಾಗಿ ಬಿಡದೆ, ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಮಾಡಿಸ್ತೀವಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು. ಆ ಕ್ಷಣಕ್ಕೇ ಅಪಾಯ ಇದೆ ಅನಿಸಿದ್ರೆ 112.

ನಮ್ಮ ಕೂಟ ಮುಕ್ಕಾಲು ಗಂಟೆಗೆ ಮುಗಿಯುತ್ತೆ. ಮಾತಾಡೋಕೆ ಇಷ್ಟ ಇಲ್ಲದವರು 'ಪಾಸ್' ಅಂದು ಚಹಾ ಕುಡಿದು ಹೋಗಬಹುದು. ನಾನೇ ಎಷ್ಟೋ ವಾರ ಪಾಸ್ ಅಂದಿದ್ದೀನಿ.