ಐಡಿ ಬ್ಲಾಕ್ ಆದರೆ ಕೇಳಬೇಕಾದ ಮೂರು ಪ್ರಶ್ನೆ

ಬೆಂಗಳೂರಿನ ಒಬ್ಬ ಡೆಲಿವರಿ ಹುಡುಗನ ಉದಾಹರಣೆ ತೆಗೆದುಕೊಳ್ಳೋಣ. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಒಳಗೆ ಬಿಡದ ಕಾರಣ, ಗ್ರಾಹಕರು ಹೇಳಿದಂತೆ ಊಟದ ಪೊಟ್ಟಣವನ್ನು ಗೇಟಿನಲ್ಲೇ ಇಟ್ಟು ಬಂದಿದ್ದಾನೆ. ರಾತ್ರಿ ‘ಆರ್ಡರ್ ಸಿಕ್ಕಿಲ್ಲ’ ಎಂಬ ದೂರು ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಅವನ ಐಡಿ ಬ್ಲಾಕ್! ಸಹಾಯವಾಣಿಯಲ್ಲಿ ಬರುವುದು ‘ನಿಯಮ ಉಲ್ಲಂಘನೆ’ ಎಂಬ ಒಂದೇ ಸಾಲು. ಯಾವ ನಿಯಮ, ಯಾವ ಆರ್ಡರ್ ಎಂದು ಹೇಳುವವರಿಲ್ಲ.

ಕರ್ನಾಟಕದಲ್ಲಿ ಇದಕ್ಕೀಗ ಕಾನೂನಿನ ಉತ್ತರವಿದೆ. 2025ರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯ ಪ್ರಕಾರ, ಕಂಪನಿ ಕಾರ್ಮಿಕನನ್ನು ತೆಗೆಯಬೇಕಾದರೆ ಸಕಾರಣವನ್ನು ಬರಹದಲ್ಲಿ ಕೊಡಬೇಕು, 14 ದಿನ ಮೊದಲೇ ನೋಟಿಸ್ ನೀಡಬೇಕು. ದೈಹಿಕ ಹಾನಿಯಂಥ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ಯಾವ ಯಾವ ಕಾರಣಕ್ಕೆ ಖಾತೆ ಮುಚ್ಚಬಹುದು ಎಂಬ ಪಟ್ಟಿಯೂ ಕರಾರಿನಲ್ಲೇ ಇರಬೇಕು.

ಆದರೆ ಪರದೆಯ ಮೇಲೆ ‘ತೆಗೆದಿದ್ದೇವೆ’ ಎಂದು ಕಾಣುವುದು ಅಪರೂಪ. ‘ಪರಿಶೀಲನೆಯಲ್ಲಿದೆ’ ಎಂದಷ್ಟೇ ಬರುತ್ತದೆ. ವಾರಗಳು ಉರುಳುತ್ತವೆ. ‘ತೆಗೆದಿಲ್ಲವಲ್ಲ, ಹಾಗಾಗಿ ನೋಟಿಸ್ ಬೇಕಿಲ್ಲ’ ಎನ್ನಲು ಕಂಪನಿಗೆ ದಾರಿಯಾಗುತ್ತದೆ. ಆದ್ದರಿಂದ ಮೊದಲ ಪತ್ರದಲ್ಲೇ ಮೂರು ಪ್ರಶ್ನೆ ಕೇಳಬೇಕು: ಇದು ತಾತ್ಕಾಲಿಕ ತಡೆಯೋ, ಕಾಯಂ ತೆಗೆದದ್ದೋ? ಯಾವ ಆರ್ಡರಿನ ಮೇಲಿನ ದೂರು? ಕರಾರಿನ ಯಾವ ಅಂಶದಡಿ ಈ ಕ್ರಮ? ಫೋನಿನಲ್ಲಿ ಕೇಳಿದರೆ ಸಾಲದು, ಇಮೇಲ್ ಅಥವಾ ಆ್ಯಪ್‌ನ ಟಿಕೆಟ್ ಮೂಲಕ ಕೇಳಿ ಅದರ ಪ್ರತಿ ಇಟ್ಟುಕೊಳ್ಳಬೇಕು.

ನಮ್ಮ ಹುಡುಗನ ಬಳಿ ಪುರಾವೆ ಏನಿದೆ? ಗೇಟಿನಲ್ಲಿ ತೆಗೆದ ಫೋಟೊ, ಗ್ರಾಹಕರಿಗೆ ಮಾಡಿದ ಕರೆಯ ದಾಖಲೆ. ಆರ್ಡರ್ ಸಂಖ್ಯೆ ಮತ್ತು ಬಾಕಿ ದುಡಿಮೆಯ ಲೆಕ್ಕ ಆ್ಯಪ್‌ನೊಳಗಿರುತ್ತವೆ. ಲಾಗಿನ್ ಹೋದರೆ ಅವೂ ಕೈತಪ್ಪುತ್ತವೆ. ವಾರಕ್ಕೊಮ್ಮೆ ಗಳಿಕೆಯ ಪುಟದ ಸ್ಕ್ರೀನ್‌ಶಾಟ್ ತೆಗೆದಿಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಐಡಿ ಬ್ಲಾಕ್ ಆದ ಮಾತ್ರಕ್ಕೆ ಅದುವರೆಗೆ ದುಡಿದ ಹಣದ ಹಕ್ಕು ಹೋಗುವುದಿಲ್ಲ. ಕಡಿತ ಮಾಡಿದ್ದರೆ ಅದಕ್ಕೂ ಕಾರಣ ಕೇಳಬಹುದು.

ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ಕಂಪನಿಯ ಆಂತರಿಕ ವ್ಯಾಜ್ಯ ಪರಿಹಾರ ಸಮಿತಿ. 50ಕ್ಕಿಂತ ಹೆಚ್ಚು ಗಿಗ್ ಕಾರ್ಮಿಕರಿರುವ ಕಂಪನಿಗೆ ಅದು ಕಡ್ಡಾಯ. ನೋಂದಾಯಿತ ಕಾರ್ಮಿಕರು ಕಾಯ್ದೆಯಡಿಯ ಕುಂದುಕೊರತೆ ಅಧಿಕಾರಿಗೂ ಅರ್ಜಿ ಕೊಡಬಹುದು. ಹೀಗಾಗಿ ಇದೇ ಕಾಯ್ದೆಯಡಿಯ ಕಲ್ಯಾಣ ಮಂಡಳಿಯಲ್ಲಿ ತನ್ನ ಹೆಸರು ನೋಂದಣಿಯಾಗಿದೆಯೇ ಎಂದು ಮೊದಲೇ ನೋಡಿಕೊಂಡಿರುವುದು ಒಳ್ಳೆಯದು.

ಕಾಯ್ದೆಗೆ ಮಿತಿಯೂ ಇದೆ. ಅದು ಡೆಲಿವರಿ ಹುಡುಗನನ್ನು ಕಂಪನಿಯ ನೌಕರನೆಂದು ಘೋಷಿಸುವುದಿಲ್ಲ, ಐಡಿ ಮರಳಿ ಸಿಕ್ಕೇ ಸಿಗುತ್ತದೆಂಬ ಖಾತ್ರಿಯನ್ನೂ ಕೊಡುವುದಿಲ್ಲ. ಆದರೆ ಕಾರಣ ಹೇಳುವ ಹೊಣೆಯನ್ನು ಕಂಪನಿಯ ಮೇಲೆ ಹೊರಿಸುತ್ತದೆ. ಆರ್ಡರ್ ಸಂಖ್ಯೆ ಸಮೇತ ಆ ಕಾರಣ ಬರಹದಲ್ಲಿ ಕೈಗೆ ಬಂದ ಮೇಲೆಯೇ ಗೇಟಿನ ಫೋಟೊ ಉತ್ತರವಾಗಿ ನಿಲ್ಲುವುದು.