ಮೊಣಕಾಲಿನ ಪಾಠ

ಕಾಸರಗೋಡು: ಜಿಲ್ಲಾ ಕ್ಲಬ್ಬಿನ ಕಬಡ್ಡಿ ಅಂಗಳದಲ್ಲಿ ಕಿರಿಯರು ನನ್ನನ್ನು ಬೀಳ್ಕೊಟ್ಟರು. ಮಾತಾಡಲು ಎದ್ದವನು ಮೊದಲು ಮುಂಡು ಮೇಲೆತ್ತಿ ಬಲ ಮೊಣಕಾಲು ತೋರಿಸಿದೆ.

"ನೋಡಿ ಮಕ್ಕಳೇ, ಬೋನಸ್ ಗೆರೆ ದಾಟಿ ತಿರುಗುವಾಗ ಒಬ್ಬ ಪಾದ ಹಿಡಿದ. ಪಾದ ಅಲ್ಲೇ ನಿಂತಿತು, ಮೈ ತಿರುಗಿತು. ಒಳಗೆ 'ಟಪ್' ಅಂತ ಸದ್ದು. ಸಂಜೆಯೊಳಗೆ ಊದಿತು. ನಾನೋ, ಎಣ್ಣೆ ತಿಕ್ಕಿಸಿ, ಬಟ್ಟೆ ಕಟ್ಟಿ ಆಡಿದೆ.

ಊತ ಇಳಿದರೆ ಗುಣವಾಯಿತು ಅಂತ ಅಲ್ಲ. ನೇರ ನಡೆದರೆ ಏನೂ ಗೊತ್ತಾಗುವುದಿಲ್ಲ. ತಿರುಗುವಾಗ ಕಾಲು ಕೈಕೊಡುತ್ತದೆ. ಲಿಗಮೆಂಟ್ ಹರಿದದ್ದಕ್ಕೆ ಅದೇ ಗುರುತು. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಆಡುತ್ತಲೇ ಇದ್ದರೆ ಗಂಟೇ ಸವೆಯುತ್ತದೆ, ನನ್ನದು ಸವೆದ ಹಾಗೆ. ಆ ಸದ್ದು ಕೇಳಿದರೆ ಹೊರಗೆ ಬನ್ನಿ. ಐಸ್ ಇಡಿ, ತಿಕ್ಕಿಸಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ."

ಚಪ್ಪಾಳೆ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ ಮೆಲ್ಲನೆ ಬಂದು, "ಅಣ್ಣಾ, ನನಗೂ ಹಾಗೇ ಆಗ್ತಾ ಉಂಟು" ಅಂದ.