ಇಬ್ಬರು ಹಿರಿಯರ ನಡುವೆ ಕೂತು ಮಾತಾಡಿಸುವ ಕ್ರಮ

ಒಂದೇ ತಂಡದ ಇಬ್ಬರು ಹಿರಿಯರು ಮಾತು ಬಿಟ್ಟರೆ ಅದು ಮೊದಲು ಕಾಣಿಸಿಕೊಳ್ಳುವುದು ಇಮೇಲ್‌ಗಳಲ್ಲಿ. ನಾಲ್ಕು ಹೆಜ್ಜೆ ನಡೆದು ಕೇಳಬಹುದಾದ ವಿಷಯಕ್ಕೂ ಮೇಲ್ ಬರುತ್ತದೆ, ಅದರ ಪ್ರತಿ ಮೇಲಧಿಕಾರಿಗೂ ಹೋಗಿರುತ್ತದೆ. ಕಿರಿಯರು ಇಬ್ಬರ ನಡುವೆ ಸುದ್ದಿ ಹೊತ್ತು ಓಡಾಡುತ್ತಾರೆ. ಈ ಹಂತದಲ್ಲಿ ಬಹಳಷ್ಟು ಮೇಲಧಿಕಾರಿಗಳು "ನೀವೇ ಕೂತು ಸರಿಮಾಡಿಕೊಳ್ಳಿ" ಎಂದು ಕೈತೊಳೆದುಕೊಳ್ಳುತ್ತಾರೆ, ಇಲ್ಲವೇ ಇಬ್ಬರನ್ನೂ ಕರೆದು ತೀರ್ಪು ಕೊಟ್ಟುಬಿಡುತ್ತಾರೆ. ತೀರ್ಪಿನಲ್ಲಿ ಸೋತವರು ಸುಮ್ಮನಾದಂತೆ ಕಂಡರೂ ಲೆಕ್ಕ ತೀರಿಸುವ ದಿನಕ್ಕೆ ಕಾಯುತ್ತಿರುತ್ತಾರೆ. ಮಧ್ಯಸ್ಥಿಕೆಯ ದಾರಿ ಬೇರೆ. ಅಲ್ಲಿ ಮಾತಿನ ಕ್ರಮ ಮಧ್ಯಸ್ಥರ ಕೈಯಲ್ಲಿರುತ್ತದೆ, ಪರಿಹಾರ ಆ ಇಬ್ಬರ ಬಾಯಿಂದಲೇ ಬರಬೇಕಾಗುತ್ತದೆ.

ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಬಹುದು. ಪ್ರೊಡಕ್ಷನ್ ಮ್ಯಾನೇಜರ್ ಲೇತ್ ಆಪರೇಟರ್ ಆಗಿ ಸೇರಿ ಮೇಲೆ ಬಂದವರು. ಕ್ವಾಲಿಟಿ ಮ್ಯಾನೇಜರ್ ಕೂಡ ಅಷ್ಟೇ ಹಳಬರು, ಗ್ರಾಹಕ ಕಂಪನಿಯವರು ನೇರವಾಗಿ ಫೋನ್ ಮಾಡುವುದೇ ಆಕೆಗೆ. ತಿಂಗಳ ಕೊನೆಯ ಒಂದು ಸಂಜೆ ಲಾರಿ ಗೇಟಿನ ಬಳಿ ನಿಂತಿದ್ದಾಗ ಆಕೆ 400 ಬುಷ್‌ಗಳ ಲಾಟಿಗೆ ಕೆಂಪು ಟ್ಯಾಗ್ ಹಾಕಿಸಿದರು. ಕೆಲವು ತುಂಡುಗಳ ಒಳವ್ಯಾಸ ಮಿತಿ ದಾಟಿತ್ತು. ಲಾರಿ ಖಾಲಿ ಹೋಯಿತು. ಅಂದಿನಿಂದ ಇಬ್ಬರೂ ಬೆಳಗಿನ ಮೀಟಿಂಗಿಗೆ ತಮ್ಮ ಬದಲು ಸೂಪರ್‌ವೈಸರ್‌ಗಳನ್ನು ಕಳಿಸುತ್ತಿದ್ದಾರೆ. ಸರಿಪಡಿಸಬಹುದಾದ ಮಾಲು ಸಹಿ ಇಲ್ಲದೆ ರ‍್ಯಾಕಿನಲ್ಲೇ ಕೊಳೆಯುತ್ತಿದೆ.

ಕಾರ್ಖಾನೆಯ ಮುಖ್ಯಸ್ಥರು ಮೊದಲು ಇಬ್ಬರನ್ನೂ ಪ್ರತ್ಯೇಕವಾಗಿ ಕಾಣಬೇಕು. ನ್ಯಾಯಾಲಯಗಳಿಗೆ ಸೇರಿದ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಜಂಟಿ ಬೈಠಕ್ಕೇ ಮೊದಲು, ಪ್ರತ್ಯೇಕ ಮಾತುಕತೆ ಆಮೇಲೆ. ಕಚೇರಿಯಲ್ಲಿ ಇದನ್ನು ತಿರುಗಿಸುವುದು ಲೇಸು, ಏಕೆಂದರೆ ಇಲ್ಲಿ ಇಬ್ಬರೂ ದಿನಾ ಮುಖಾಮುಖಿಯಾಗುತ್ತಾರೆ. ತಯಾರಿ ಇಲ್ಲದೆ ಕೂರಿಸಿದರೆ ಹೊರಬರುವುದು ಅದೇ ಹಳೆಯ ವಾಗ್ವಾದ. ತಲಾ ಮುಕ್ಕಾಲು ಗಂಟೆ ಸಾಕು. ಏನಾಯಿತು, ಅದರಿಂದ ಕೆಲಸಕ್ಕೆ ಏನು ತೊಂದರೆ, ಎದುರಿನವರು ಇದನ್ನೇ ಹೇಗೆ ಹೇಳಬಹುದು, ಏನು ಬದಲಾದರೆ ಸಾಕು ಎಂಬಷ್ಟನ್ನು ಕೇಳಬೇಕು. ಮೂರನೆಯ ಪ್ರಶ್ನೆಗೆ "ಅವರಿಗೆ ಅಹಂಕಾರ ಸಾರ್, ಅಷ್ಟೇ" ಎಂಬುದಷ್ಟೇ ಉತ್ತರವಾದರೆ ಜಂಟಿ ಮಾತುಕತೆಗೆ ಕಾಲ ಕೂಡಿಲ್ಲ ಎಂದರ್ಥ. ಇನ್ನೊಮ್ಮೆ ಕೂರಬೇಕಾಗುತ್ತದೆ. ಏನನ್ನು ಗುಟ್ಟಾಗಿಡಬೇಕು, ಏನನ್ನು ಇನ್ನೊಬ್ಬರ ಮುಂದೆ ಎತ್ತಬಹುದು ಎಂಬುದನ್ನು ಹೊರಡುವ ಮುನ್ನ ಬಿಡಿಸಿ ಕೇಳಿಕೊಳ್ಳಬೇಕು. ಈ ಒಂದು ವಿಷಯದಲ್ಲಿ ಎಡವಿದ ಮಧ್ಯಸ್ಥರನ್ನು ಆಮೇಲೆ ಯಾರೂ ನಂಬುವುದಿಲ್ಲ.

ಜಂಟಿ ಮಾತುಕತೆಗೆ ಒಂದೂವರೆ ಗಂಟೆ ಬೇಕು. ಮುಖ್ಯಸ್ಥರ ಕೋಣೆಗಿಂತ ಇಬ್ಬರಿಗೂ ಸೇರದ ಜಾಗ ಒಳ್ಳೆಯದು. ಆರಂಭದಲ್ಲೇ ಮುಖ್ಯಸ್ಥರು ತಾವು ಇಂದು ತೀರ್ಪು ಕೊಡಲು ಕೂತಿಲ್ಲ, ಇಲ್ಲಿನ ಮಾತು ವಾರ್ಷಿಕ ಮೌಲ್ಯಮಾಪನಕ್ಕೆ ಹೋಗುವುದಿಲ್ಲ ಎಂದು ಹೇಳಬೇಕು. ಹೇಳಿದ ಮೇಲೆ ಹಾಗೆಯೇ ನಡೆದುಕೊಳ್ಳಬೇಕು. ನಂತರ ಒಬ್ಬರು ಐದಾರು ನಿಮಿಷ ಮಾತಾಡುತ್ತಾರೆ, ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಮಾತು ಮುಗಿದ ಮೇಲೆ ಕೇಳಿದವರು ತಮ್ಮ ಉತ್ತರ ಕೊಡುವ ಮೊದಲು, ಕೇಳಿಸಿಕೊಂಡದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದವರು "ಹೌದು, ಇದೇ" ಎನ್ನುವ ತನಕ ಮುಂದೆ ಹೋಗುವಂತಿಲ್ಲ.

ಇಡೀ ಕ್ರಮದಲ್ಲಿ ಕಷ್ಟದ್ದೂ ಕೆಲಸಕ್ಕೆ ಬರುವಂಥದ್ದೂ ಇದೇ. ಪ್ರೊಡಕ್ಷನ್ ಮ್ಯಾನೇಜರ್ ಮೊದಲ ಸಲ "ಮೇಡಂಗೆ ನಮ್ಮ ಲಾರಿ ನಿಲ್ಲಿಸೋದೇ ಕೆಲಸ ಅಂತ ಹೇಳಿದ್ರು" ಎಂದು ಕುಟುಕಬಹುದು. ಮಧ್ಯಸ್ಥರು ಸಿಟ್ಟಾಗದೆ, "ಅವರು ಆ ಮಾತು ಆಡಲಿಲ್ಲ, ಏನು ಹೇಳಿದರು ಅಂತ ಇನ್ನೊಂದು ಸಲ ಹೇಳಿ" ಎಂದು ಕೇಳಬೇಕು. ಎರಡನೆಯ ಸಲಕ್ಕೆ ಉತ್ತರ ಬದಲಾಗುತ್ತದೆ: "ಗ್ರಾಹಕರ ಲೈನಿನಲ್ಲಿ ತುಂಡು ಕೂರದೆ ಹೋದರೆ ಫೋನ್ ಬರೋದು ಅವರಿಗೆ, ನನಗಲ್ಲ." ಆಕೆ ತಿರುಗಿ ಹೇಳಬೇಕಾದದ್ದೂ ಇಷ್ಟೇ ಸರಳ: ಮಧ್ಯಾಹ್ನವೇ ಗೊತ್ತಿದ್ದ ದೋಷವನ್ನು ಸಂಜೆ ಎಲ್ಲರ ಎದುರು ಹೇಳಿದ್ದರಿಂದ ಅವರಿಗೆ ಅವಮಾನವಾಯಿತು. ಅವಮಾನ ಎಂಬ ಪದ ಹಿರಿಯರ ಬಾಯಲ್ಲಿ ಸುಲಭಕ್ಕೆ ಬರುವುದಿಲ್ಲ. ಅವರು ಅದನ್ನು ಪ್ರೊಸೀಜರ್ ಎಂದೋ ಶಿಸ್ತು ಎಂದೋ ಕರೆಯುತ್ತಾರೆ.

ಇದಾದ ಮೇಲೆ ಮಧ್ಯಸ್ಥರು ವಿಷಯಗಳನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಯಾರ ಹೆಸರೂ ಇಲ್ಲದೆ. "ಕ್ವಾಲಿಟಿಯವರು ತಡಮಾಡುವುದು" ಎಂದಲ್ಲ, "ದೋಷದ ಸುದ್ದಿ ಯಾವಾಗ, ಯಾರಿಗೆ ಮುಟ್ಟಬೇಕು" ಎಂದು. ಇಬ್ಬರೂ ಬೇಡುವುದು ಒಂದು, ಆ ಬೇಡಿಕೆಯ ಹಿಂದಿರುವ ಅಗತ್ಯ ಇನ್ನೊಂದು ಎಂಬುದು ಇಲ್ಲಿ ಹೊರಬೀಳುತ್ತದೆ. ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ 1920ರ ದಶಕದಲ್ಲೇ ಇದನ್ನು ಗ್ರಂಥಾಲಯದ ಕಿಟಕಿಯ ಪ್ರಸಂಗದಿಂದ ವಿವರಿಸಿದ್ದರು. ಹಾರ್ವರ್ಡ್‌ನ ಒಂದು ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಫಾಲೆಟ್‌ಗೆ ಮುಚ್ಚಿರಬೇಕು. ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಆತನಿಗೆ ಬೇಕಿದ್ದದ್ದು ಗಾಳಿ, ಈಕೆಗೆ ಬೇಡವಾಗಿದ್ದದ್ದು ನೇರವಾಗಿ ಮೈಮೇಲೆ ಬೀಸುವ ಉತ್ತರದ ಗಾಳಿ. ಕಿಟಕಿಯನ್ನು ಅರ್ಧ ತೆರೆದಿದ್ದರೆ ಇಬ್ಬರಿಗೂ ಅಸಮಾಧಾನವೇ ಉಳಿಯುತ್ತಿತ್ತು.

ಪೀಣ್ಯದಲ್ಲೂ ಅರ್ಧ ಕಿಟಕಿಯಂಥ ಪರಿಹಾರ ಸುಲಭಕ್ಕೆ ಹೊಳೆಯುತ್ತದೆ: ಕೆಂಪು ಟ್ಯಾಗಿಗೆ ಇಬ್ಬರ ಸಹಿಯೂ ಬೇಕೆಂದು ಮಾಡಿಬಿಡುವುದು. ಅದರಿಂದ ತಪಾಸಣೆಯ ಸ್ವಾತಂತ್ರ್ಯವೇ ಹೋಗುತ್ತದೆ. ಆಕೆಯ ಅಗತ್ಯ ಕೆಟ್ಟ ಮಾಲು ಹೊರಹೋಗದಿರುವುದು, ಅವರ ಅಗತ್ಯ ಸರಿಪಡಿಸಲು ಸಮಯ ಸಿಗುವುದು. ಹಾಗಾಗಿ ಒಪ್ಪಂದ ಹೀಗಿರಬಹುದು. ಟ್ಯಾಗ್ ಹಾಕುವ ಅಧಿಕಾರ ಕ್ವಾಲಿಟಿಗೇ ಇರುತ್ತದೆ. ಅಳತೆ ಮಿತಿಯತ್ತ ಜಾರುತ್ತಿರುವುದು ಕಂಡ ಹದಿನೈದು ನಿಮಿಷದೊಳಗೆ ಕ್ವಾಲಿಟಿ ಮ್ಯಾನೇಜರ್ ತಾವೇ ಪ್ರೊಡಕ್ಷನ್ ಮ್ಯಾನೇಜರ್‌ಗೆ ಫೋನ್ ಮಾಡುತ್ತಾರೆ. ಅವರು ಆ ಮಷೀನ್ ನಿಲ್ಲಿಸಿ ಟೂಲ್ ನೋಡಿಸುತ್ತಾರೆ. ಲಾರಿ ಹೊರಡುವ ದಿನ ಮಧ್ಯಾಹ್ನ ಎರಡಕ್ಕೆ ಇಬ್ಬರೂ ರ‍್ಯಾಕಿನ ಬಳಿ ನಿಂತು ಮಾಲು ನೋಡುತ್ತಾರೆ. ಅರ್ಧ ಗಂಟೆಯಲ್ಲಿ ಒಮ್ಮತ ಬರದಿದ್ದರೆ ಮುಖ್ಯಸ್ಥರ ಬಳಿಗೆ ಜೊತೆಯಾಗಿ ಹೋಗುತ್ತಾರೆ, ಬೇರೆಬೇರೆಯಾಗಿ ಹೋಗುವಂತಿಲ್ಲ. ಈ ಕೊನೆಯ ಷರತ್ತು ಚಿಕ್ಕದಾಗಿ ಕಂಡರೂ ಚಾಡಿಯ ಬಾಗಿಲು ಮುಚ್ಚುವುದು ಅದೇ. "ಪರಸ್ಪರ ಗೌರವದಿಂದ ವರ್ತಿಸುತ್ತೇವೆ" ಎಂಬಂಥ ಸಾಲಿಗೆ ಕಾಗದದಲ್ಲಿ ಜಾಗ ಕೊಡಬಾರದು, ಅದನ್ನು ಪಾಲಿಸಿದ್ದಾರೋ ಇಲ್ಲವೋ ಎಂದು ಅಳೆಯಲು ಬರುವುದಿಲ್ಲ.

ಎರಡು ವಾರಕ್ಕೆ ಒಮ್ಮೆ, ಆರು ವಾರಕ್ಕೆ ಇನ್ನೊಮ್ಮೆ ಮೂವರೂ ಕೂತು ಬರೆದದ್ದನ್ನು ಸಾಲುಸಾಲಾಗಿ ನೋಡಬೇಕು. ಆ ನಡುವೆ ಒಂದಾದರೂ ಷರತ್ತು ಮುರಿಯುವುದು ಸಹಜ. ಅದನ್ನು ಮುರಿದವರೇ ಎತ್ತಿ ಹೇಳಿದರೆ ಒಪ್ಪಂದಕ್ಕೆ ಜೀವವಿದೆ. ಇಬ್ಬರ ನಡುವಿನ ಮೇಲ್‌ಗಳಲ್ಲಿ ಮುಖ್ಯಸ್ಥರ ಹೆಸರು ಕಡಿಮೆಯಾಗುತ್ತಿದೆಯೇ ಎಂಬುದೂ ಒಂದು ಗುರುತು. ಸ್ನೇಹವನ್ನು ನಿರೀಕ್ಷಿಸುವ ಅಗತ್ಯವಿಲ್ಲ. ಎರಡು ಗಂಟೆಗೆ ರ‍್ಯಾಕಿನ ಬಳಿ ಇಬ್ಬರೂ ನಿಂತಿದ್ದರೆ ಅಷ್ಟು ಸಾಕು.

ಎಲ್ಲ ಜಗಳಕ್ಕೂ ಈ ಕ್ರಮ ಒಗ್ಗುವುದಿಲ್ಲ. ಕಿರುಕುಳ, ಜಾತಿ ನಿಂದನೆ, ದಾಖಲೆ ತಿದ್ದಿದ ಆರೋಪಗಳಿದ್ದರೆ ತನಿಖೆಯೇ ನಡೆಯಬೇಕು, ಅಲ್ಲಿ ರಾಜಿ ಮಾಡಿಸುವುದು ತಪ್ಪಾಗುತ್ತದೆ. ಇಬ್ಬರೂ ಒಂದೇ ಬಡ್ತಿಗೆ ಕಣ್ಣಿಟ್ಟಿದ್ದರೆ, ಅದನ್ನು ಕೊಡುವ ಅಧಿಕಾರಿಯ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ಆಗ ಬೇರೆ ವಿಭಾಗದ ಹಿರಿಯರನ್ನೋ ಹೊರಗಿನವರನ್ನೋ ಮಧ್ಯಸ್ಥರಾಗಿ ಕರೆಯಬೇಕು. ಎರಡು ಬೈಠಕ್ ಆದಮೇಲೂ ತಾವು ಏನನ್ನು ಬದಲಿಸಿಕೊಳ್ಳುತ್ತೇವೆಂದು ಇಬ್ಬರೂ ಹೇಳದಿದ್ದರೆ, ಮಧ್ಯಸ್ಥಿಕೆ ಮುಗಿಯಿತೆಂದು ಮುಖ್ಯಸ್ಥರು ಬಾಯಿಬಿಟ್ಟು ಹೇಳಿ, ಯಾವ ನಿರ್ಧಾರ ಯಾರದು ಎಂಬುದನ್ನು ಅಧಿಕಾರಿಯಾಗಿ ಲಿಖಿತ ಆದೇಶದಲ್ಲಿ ತಿಳಿಸಬೇಕಾಗುತ್ತದೆ.